ವಾಕ್ಯ ಜೋಡಣೆ: ಹೆಸರಿರುವ ವಾಕ್ಯವೇ ಮೊದಲು ಬರಬೇಕಾ?

ಸವಿತಾ, ಹಾಸನ

ಎಲ್ಲರಿಗೂ ನಮಸ್ಕಾರ. ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದೇನೆ. ಕನ್ನಡ ಪತ್ರಿಕೆಯಲ್ಲಿ ವ್ಯಾಕರಣ, ಗಾದೆ, ಸಮಾನಾರ್ಥಕ ಎಲ್ಲಾ ಪರವಾಗಿಲ್ಲ. ಕಲಸಿದ ವಾಕ್ಯಗಳನ್ನು ಸರಿಯಾದ ಕ್ರಮಕ್ಕೆ ತರುವ ಪ್ರಶ್ನೆ ಬಂದರೆ ಮಾತ್ರ ಸಮಯ ಹೋಗುತ್ತದೆ, ಉತ್ತರದ ಮೇಲೆ ನಂಬಿಕೆಯೂ ಬರುವುದಿಲ್ಲ. ನಮ್ಮ ಓದುವ ಗುಂಪಿನಲ್ಲಿ ಅಭ್ಯಾಸಕ್ಕೆ ಅಂತ ಒಬ್ಬರು ಇದನ್ನು ಬರೆದು ಕೊಟ್ಟಿದ್ದಾರೆ:

ಯ. ಆದರೆ ಅದು ಪೂರ್ತಿಯಾಗುವುದನ್ನು ನೋಡಲು ಅವರು ಉಳಿಯಲಿಲ್ಲ, 1901ರಲ್ಲಿ ತೀರಿಕೊಂಡರು.

ರ. ಕೋಲಾರದ ಚಿನ್ನದ ಗಣಿಗಳಲ್ಲಿ ಕಟ್ಟಿಗೆ, ಕಲ್ಲಿದ್ದಲು ಸುಟ್ಟು ಯಂತ್ರ ನಡೆಸುವುದು ಬಹಳ ದುಬಾರಿಯಾಗಿತ್ತು.

ಲ. ಮರುವರ್ಷವೇ ಅಲ್ಲಿಂದ ಹೆಚ್ಚುಕಡಿಮೆ 150 ಕಿ.ಮೀ. ದೂರದ ಆ ಗಣಿಗಳಿಗೆ ವಿದ್ಯುತ್ ಹರಿಯಿತು.

ವ. ಇದಕ್ಕೆ ಪರಿಹಾರವಾಗಿ, ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ವಿದ್ಯುತ್ ತಯಾರಿಸುವ ಯೋಜನೆಗೆ ಮೈಸೂರಿನ ದಿವಾನ ಕೆ. ಶೇಷಾದ್ರಿ ಅಯ್ಯರ್ ಒತ್ತಾಸೆಯಾಗಿ ನಿಂತರು.

ಶ. ಅದಾಗಿ ಮೂರು ವರ್ಷಕ್ಕೆ ಬೆಂಗಳೂರಿನ ಬೀದಿಗಳಲ್ಲೂ ಅದೇ ವಿದ್ಯುತ್ತಿನ ದೀಪ ಬೆಳಗಿತು.

ಆಯ್ಕೆಗಳು: 1) ವ ಯ ರ ಲ ಶ  2) ರ ವ ಯ ಲ ಶ  3) ರ ವ ಲ ಯ ಶ  4) ವ ಯ ಲ ಶ ರ

ವ್ಯಕ್ತಿಯ ಪೂರ್ತಿ ಹೆಸರು ಇರುವ ವಾಕ್ಯ ಮೊದಲು ಬರುತ್ತದೆ ಅಂತ ಕೋಚಿಂಗ್‌ನಲ್ಲಿ ಹೇಳಿದ್ದರು. ಆ ಲೆಕ್ಕದಲ್ಲಿ ವ ಮೊದಲು, ಅಂದರೆ 1 ಅಥವಾ 4. ಆದರೆ ಕೊಟ್ಟವರು 2 ಸರಿ ಅನ್ನುತ್ತಾರೆ. ಯಾಕೆ ಅಂತ ಬಿಡಿಸಿ ಹೇಳುತ್ತೀರಾ?

ರವಿಕಿರಣ್

ಸವಿತಾ ಅವರೇ, ಇದು ಸುಲಭ. ಇಸವಿ ಗೊತ್ತಿದ್ದರೆ ಸಾಕು. ಅಯ್ಯರ್ ತೀರಿಕೊಂಡದ್ದು 1901, ಗಣಿಗೆ ಕರೆಂಟ್ ಬಂದದ್ದು 1902, ಬೆಂಗಳೂರಿಗೆ ದೀಪ ಬಂದದ್ದು 1905. ಯ, ಲ, ಶ ಸಾಲಾಗಿ ಬಂತು. ಉಳಿದದ್ದು ರ ಮತ್ತು ವ, ಅವು ಹಿಂದಿನ ಕಥೆ.

ಒಂದು ಸೂತ್ರ ನೆನಪಿಡಿ. ಜೋಡಿಸುವ ಪದ ಅಥವಾ ಸರ್ವನಾಮದಿಂದ ಶುರುವಾಗುವ ವಾಕ್ಯ ಎಂದೂ ಮೊದಲ ವಾಕ್ಯ ಆಗುವುದಿಲ್ಲ. ವ ಶುರುವಾಗುವುದೇ ‘ಇದಕ್ಕೆ’ ಅಂತ. ಅಲ್ಲಿಗೆ 1, 4 ಎರಡೂ ಔಟ್. ಇನ್ನೊಂದು ಸೂತ್ರ: ‘ಇ’ಯಿಂದ ಶುರುವಾಗುವ ಪದ ಹಿಂದಿನ ವಾಕ್ಯವನ್ನೇ ತೋರಿಸುತ್ತದೆ, ‘ಅ’ಯಿಂದ ಶುರುವಾಗುವುದು ದೂರದ ವಾಕ್ಯವನ್ನು.

ಮೇಷ್ಟ್ರು, ತಿಪಟೂರು

ಸವಿತಾ, ಮೊದಲ ವಾಕ್ಯ ಯಾವುದು ಅಂತ ಹುಡುಕುತ್ತಾ ಕೂತರೆ ಸಮಯ ಹೋಗುತ್ತದಮ್ಮ. ಯಾವ ಎರಡು ವಾಕ್ಯ ಒಂದಕ್ಕೊಂದು ಅಂಟಿಕೊಂಡಿವೆ ಅಂತ ಮೊದಲು ನೋಡು. ನಾನು ಮಕ್ಕಳಿಗೆ ಪೆನ್ಸಿಲ್ ಹಿಡಿಸಿ ಬಾಣ ಹಾಕಿಸುತ್ತೇನೆ. ಪ್ರತಿ ಸರ್ವನಾಮದಿಂದ ಒಂದು ಬಾಣ, ಅದು ಯಾವ ಹೆಸರಿಗೆ ಹೋಗುತ್ತದೋ ಅಲ್ಲಿಗೆ.

ಯ ತಗೋ. ಅದರಲ್ಲಿ ‘ಅವರು’ ಇದೆ. ಐದು ವಾಕ್ಯದಲ್ಲಿ ‘ಅವರು’ ಅನ್ನಿಸಿಕೊಳ್ಳಬಲ್ಲ ಮನುಷ್ಯ ಒಬ್ಬರೇ, ಅಯ್ಯರ್. ಹಾಗಾಗಿ ಯ ಬರುವುದು ವ ಆದಮೇಲೆ. ಅದೇ ಯ ವಾಕ್ಯದಲ್ಲಿ ‘ಅದು ಪೂರ್ತಿಯಾಗುವುದು’ ಅಂತಲೂ ಇದೆ. ಪೂರ್ತಿಯಾಗುವಂಥದ್ದು ಏನಿದೆ? ಗಣಿಯಲ್ಲ, ವಿದ್ಯುತ್ತೂ ಅಲ್ಲ, ಯೋಜನೆ. ಅದೂ ವ ವಾಕ್ಯದಲ್ಲೇ ಇದೆ. ಎರಡು ಬಾಣ ಒಂದೇ ಕಡೆ ಹೋದರೆ ಆ ಜೋಡಿ ಗಟ್ಟಿ ಅಂತ ತಿಳಿ.

ಈಗ ವ. ‘ಇದಕ್ಕೆ ಪರಿಹಾರವಾಗಿ’. ಇಲ್ಲಿ ‘ಇದು’ ಒಂದು ವಸ್ತುವಲ್ಲ, ಒಂದು ಪರಿಸ್ಥಿತಿ. ಪರಿಹಾರ ಅಂದಮೇಲೆ ಹಿಂದೆ ಒಂದು ತೊಂದರೆ ಇರಲೇಬೇಕು. ತೊಂದರೆ ಹೇಳುವ ವಾಕ್ಯ ಯಾವುದು? ರ. ‘ಬಹಳ ದುಬಾರಿಯಾಗಿತ್ತು’. ಯ ವಾಕ್ಯದಲ್ಲಿ ಸಾವಿನ ಸುದ್ದಿ ಇದೆ ನಿಜ, ಆದರೆ ಅಯ್ಯರ್ ತೀರಿಕೊಂಡದ್ದಕ್ಕೆ ಪರಿಹಾರವಾಗಿ ಅಯ್ಯರ್ ಅವರೇ ಯೋಜನೆಗೆ ನಿಲ್ಲಲು ಆಗುವುದಿಲ್ಲವಲ್ಲ. ಹಾಗಾಗಿ ರ-ವ-ಯ ಒಂದು ಸರಪಳಿ.

ಲ ನೋಡು. ‘ಆ ಗಣಿಗಳಿಗೆ’ ಅಂದಿದೆ. ಯಾವ ಗಣಿ ಅಂತ ಹಿಂದೆಯೇ ಹೇಳಿರಬೇಕು. ಅಲ್ಲಿಗೆ ರ ಕೊನೆಗೆ ಹೋದ 4ನೇ ಆಯ್ಕೆ ಬಿತ್ತು. 1ನೇ ಆಯ್ಕೆಯಲ್ಲಿ ವ ಮೊದಲು ಬಂದು ‘ಇದಕ್ಕೆ’ ಅನ್ನುವುದು ಗಾಳಿಯಲ್ಲಿ ನೇತಾಡುತ್ತದೆ. ಹೆಸರಿರುವ ವಾಕ್ಯ ಮೊದಲು ಅನ್ನುವುದು ಪೂರ್ತಿ ಸುಳ್ಳಲ್ಲ. ಹೆಸರು ಬರುವುದು ಅದರ ಸರ್ವನಾಮಕ್ಕಿಂತ ಮೊದಲು, ಅಷ್ಟೇ. ಇಡೀ ಪ್ಯಾರಾಕ್ಕೇ ಮೊದಲು ಅಂತ ಅರ್ಥವಲ್ಲ.

ಸವಿತಾ, ಹಾಸನ

ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. 1 ಮತ್ತು 4 ಯಾಕೆ ಬೀಳುತ್ತವೆ ಅಂತ ಗೊತ್ತಾಯಿತು. ಇನ್ನು ಉಳಿದದ್ದು 2 ಮತ್ತು 3. ಎರಡರಲ್ಲೂ ರ ವ ಮೊದಲಿಗೇ ಇವೆ. ಯ ಮೊದಲೋ ಲ ಮೊದಲೋ ಅನ್ನುವುದಷ್ಟೇ ಪ್ರಶ್ನೆ. ಯೋಜನೆಗೆ ಅಯ್ಯರ್ ನಿಂತರು, ಮರುವರ್ಷವೇ ವಿದ್ಯುತ್ ಹರಿಯಿತು ಅಂತ ಓದಿದರೂ ಸರಿಯಾಗೇ ಕೇಳಿಸುತ್ತದೆ. ‘ಅಲ್ಲಿಂದ’ ಅನ್ನುವುದೂ ಶಿವನಸಮುದ್ರದ ಪಕ್ಕಕ್ಕೇ ಬರುತ್ತದೆ. ಇಸವಿ ಗೊತ್ತಿಲ್ಲದವರು ಏನು ಮಾಡಬೇಕು?

ಅನುಷಾಳ ಅಮ್ಮ

ನನ್ನ ಮಗಳೂ ಇದರಲ್ಲೇ ಒದ್ದಾಡುತ್ತಾಳೆ. ನಾಲ್ಕನೇ ಕ್ಲಾಸು. ಮೊನ್ನೆ ‘ಹೋದನು, ಶಾಲೆಗೆ, ರಾಮನು, ನಿನ್ನೆ’ ಅಂತ ಕೊಟ್ಟು ಸರಿ ಮಾಡಿ ಬರೆಯಿರಿ ಅಂದಿದ್ದರು. ಇವಳು ‘ನಿನ್ನೆ ರಾಮನು ಶಾಲೆಗೆ ಹೋದನು’ ಅಂತ ಬರೆದಳು. ಮಿಸ್ ತಪ್ಪು ಹಾಕಿ ‘ರಾಮನು ನಿನ್ನೆ ಶಾಲೆಗೆ ಹೋದನು’ ಅಂತ ತಿದ್ದಿದ್ದಾರೆ. ಎರಡೂ ಸರಿ ಅಲ್ವಾ? ಇದಕ್ಕೂ ಬಾಣ ಹಾಕಿಸಬೇಕಾ?

ನಾಗವೇಣಿ (ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ)

ಅನುಷಾಳ ಅಮ್ಮ, ನಿಮ್ಮದು ಬೇರೆ ಪ್ರಶ್ನೆ. ಅದು ಪದಗಳನ್ನು ಜೋಡಿಸಿ ಒಂದು ವಾಕ್ಯ ಮಾಡುವುದು, ಇಲ್ಲಿ ನಡೆದಿರುವುದು ವಾಕ್ಯಗಳನ್ನು ಜೋಡಿಸಿ ಒಂದು ಪ್ಯಾರಾ ಮಾಡುವುದು. ನಿಮ್ಮ ಮಗಳು ಬರೆದದ್ದು ಸರಿಯಾಗಿದೆ, ಮಿಸ್ ಹತ್ತಿರ ಧೈರ್ಯವಾಗಿ ಕೇಳಿ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿಕೊಂಡಿರುತ್ತದೆ. ಹಾಗಾಗಿ ವಾಕ್ಯದ ಒಳಗೆ ಪದಗಳು ಜಾಗ ಬದಲಿಸಿದರೂ ಯಾರು ಎಲ್ಲಿಗೆ ಹೋದರು ಅನ್ನುವುದು ಕೆಡುವುದಿಲ್ಲ. ವಾಕ್ಯಗಳಿಗೆ ಆ ಸ್ವಾತಂತ್ರ್ಯ ಇಲ್ಲ.

ಸವಿತಾ, ನಿಮ್ಮ ಅನುಮಾನ ಒಳ್ಳೆಯದು. 3ನೇ ಆಯ್ಕೆಯನ್ನು ಕೊನೆಯವರೆಗೂ ಓದಿ ನೋಡಿ. ಲ ಆದಮೇಲೆ ಯ ಬರುತ್ತದೆ: ‘ಗಣಿಗಳಿಗೆ ವಿದ್ಯುತ್ ಹರಿಯಿತು. ಆದರೆ ಅದು ಪೂರ್ತಿಯಾಗುವುದನ್ನು ನೋಡಲು ಅವರು ಉಳಿಯಲಿಲ್ಲ.’ ವಿದ್ಯುತ್ ಹರಿದೇ ಹೋಗಿದೆ ಅಂದಮೇಲೆ ಇನ್ನು ಪೂರ್ತಿಯಾಗುವುದು ಏನು? ‘ಅದು’ ಹಿಡಿದುಕೊಳ್ಳಲು ಹತ್ತಿರದಲ್ಲಿ ಏನೂ ಸಿಗುವುದಿಲ್ಲ. ‘ಅವರು’ ಕೂಡ ಒಂದು ವಾಕ್ಯ ಹಾರಿ ಹಿಂದಕ್ಕೆ ಹೋಗಬೇಕು. ಆಮೇಲೆ ಶ ನೋಡಿ. ‘ಅದಾಗಿ ಮೂರು ವರ್ಷಕ್ಕೆ... ಬೀದಿಗಳಲ್ಲೂ ಅದೇ ವಿದ್ಯುತ್ತಿನ’. ‘ಬೀದಿಗಳಲ್ಲೂ’ ಅನ್ನುವುದರಲ್ಲಿ ಒಂದು ಸಣ್ಣ ‘ಊ’ ಇದೆ. ಇನ್ನೊಂದು ಕಡೆ ಆಗಲೇ ವಿದ್ಯುತ್ ಬಂದಿದೆ ಅಂತ ಅದು ಹೇಳುತ್ತದೆ. ‘ಅದೇ’ ಅನ್ನುವುದರ ಏಕಾರವೂ ಅಷ್ಟೇ. ಎರಡೂ ಲ ವಾಕ್ಯವನ್ನು ಪಕ್ಕದಲ್ಲೇ ಕೇಳುತ್ತವೆ. ನಡುವೆ ಸಾವಿನ ಸುದ್ದಿ ಬಂದರೆ ‘ಅದಾಗಿ ಮೂರು ವರ್ಷ’ ಅನ್ನುವ ಲೆಕ್ಕವೂ ಸಾವಿನಿಂದ ಶುರುವಾಗಿಬಿಡುತ್ತದೆ.

‘ಮರುವರ್ಷ’ವನ್ನೂ ಬಿಡಬೇಡಿ. ಮರು ಅನ್ನಬೇಕಾದರೆ ಯಾವುದಾದರೂ ಒಂದು ವರ್ಷ ಹಿಂದೆ ಕಾಣಬೇಕು. ಐದು ವಾಕ್ಯದಲ್ಲಿ ಇಸವಿ ಇರುವುದು ಯ ವಾಕ್ಯದಲ್ಲಿ ಮಾತ್ರ. ಸರ್ವನಾಮದ ಹಾಗೆಯೇ ಇದೂ ಹಿಂದಕ್ಕೆ ಕೈಚಾಚುವ ಪದ, ಆದರೆ ಪಟ್ಟಿ ಮಾಡಿ ಓದುವವರ ಕಣ್ಣಿಗೆ ಬೀಳುವುದಿಲ್ಲ. ‘ಉಳಿದವರು’, ‘ಇನ್ನೊಬ್ಬ’, ‘ಎರಡನೆಯದು’, ‘ಕೊನೆಗೆ’ ಎಲ್ಲವೂ ಇದೇ ಜಾತಿ.

ರವಿಕಿರಣ್

ನಾನೂ ಅದನ್ನೇ ಹೇಳಿದ್ದು, ಇಸವಿ ನೋಡಿದರೆ ಆಯಿತು. ನೀವು ಸುತ್ತಿ ಬಳಸಿ ಅಲ್ಲಿಗೇ ಬಂದಿರಿ. ಪರೀಕ್ಷೆಯಲ್ಲಿ ಇಷ್ಟೆಲ್ಲಾ ಬಾಣ ಹಾಕುತ್ತಾ ಕೂರಲು ಟೈಮ್ ಎಲ್ಲಿರುತ್ತದೆ?

ಮೇಷ್ಟ್ರು, ತಿಪಟೂರು

ರವಿ, ನಿನಗೆ ಇತಿಹಾಸ ಗೊತ್ತಿತ್ತು, ಬೇಗ ಆಯಿತು. ಸಂತೋಷ. ನಾಳೆ ಜೇನುಹುಳುವಿನ ಮೇಲೆ ಪ್ಯಾರಾ ಕೊಟ್ಟರೆ ಯಾವ ಇಸವಿ ಹುಡುಕುತ್ತೀಯ? ಉತ್ತರ ವಾಕ್ಯದ ಒಳಗೇ ಇರುತ್ತದೆ. ಹೊರಗಿನ ತಿಳಿವಳಿಕೆಯನ್ನು ಕೊನೆಗೆ ತಾಳೆ ನೋಡಲು ಇಟ್ಟುಕೋ.

ಸಮಯದ ಮಾತಿಗೆ ಬಂದರೆ, ಎಲ್ಲಾ ಬಾಣ ಹಾಕಬೇಕಿಲ್ಲ. ಒಂದು ಗಟ್ಟಿ ಜೋಡಿ ಸಿಕ್ಕ ತಕ್ಷಣ ಆಯ್ಕೆಗಳಿಗೆ ಹೋಗು. ಇಲ್ಲಿ ರ-ವ ಸಿಕ್ಕರೆ ಎರಡು ಆಯ್ಕೆ ಹೋಯಿತು. ಲ-ಶ ಸಿಕ್ಕರೆ ಇನ್ನೊಂದು ಹೋಯಿತು. ಎರಡೇ ಬಾಣದಲ್ಲಿ ಕೆಲಸ ಮುಗಿಯಿತು.

ನಿನ್ನ ಮೊದಲ ಸೂತ್ರದಲ್ಲಿ ಅರ್ಧ ನಿಜ ಇದೆ. ‘ಆದರೆ’, ‘ಹಾಗಾಗಿ’, ‘ಇದಲ್ಲದೆ’ ಇವುಗಳಿಂದ ಪ್ಯಾರಾ ಶುರುವಾಗುವುದು ತೀರಾ ಅಪರೂಪ. ಆದರೆ ‘ಎಂದೂ ಇಲ್ಲ’ ಅನ್ನಬೇಡ. ‘ಇದು 1905ರ ಮಾತು. ಬೆಂಗಳೂರಿನ ಬೀದಿಗಳಲ್ಲಿ ಮೊದಲ ಬಾರಿಗೆ ವಿದ್ಯುತ್ ದೀಪ ಬೆಳಗಿತು.’ ಹೀಗೆ ನಾವು ದಿನಾ ಬರೆಯುತ್ತೇವೆ. ಇಲ್ಲಿ ‘ಇದು’ ಮುಂದೆ ಬರುವ ಮಾತನ್ನು ತೋರಿಸುತ್ತದೆ.

ಇನ್ನೊಂದು, ‘ತಮ್ಮ’. ‘ತಮ್ಮ ಅಧಿಕಾರದ ಕಾಲದಲ್ಲಿ ದಿವಾನ ಶೇಷಾದ್ರಿ ಅಯ್ಯರ್ ಈ ಯೋಜನೆಗೆ ನಿಂತರು’ ಅಂತ ಇದ್ದರೆ, ‘ತಮ್ಮ’ ಸರ್ವನಾಮ, ಹಿಂದೆ ಯಾರೋ ಇರಬೇಕು ಅಂತ ಹುಡುಗರು ಹುಡುಕುತ್ತಾ ಹೋಗುತ್ತಾರೆ. ‘ತಾನು, ತನ್ನ, ತಮ್ಮ’ ಸಾಮಾನ್ಯವಾಗಿ ಅದೇ ವಾಕ್ಯದ ಕರ್ತೃವಿಗೇ ಹೋಗುತ್ತದೆ. ಆ ಬಾಣ ವಾಕ್ಯದ ಹೊರಗೆ ಹೋಗುವುದಿಲ್ಲ. ಅಂಥ ವಾಕ್ಯದಲ್ಲಿ ಹಿಂದಕ್ಕೆ ಬೆರಳು ತೋರುವುದು ‘ಈ ಯೋಜನೆ’ ಅನ್ನುವುದು.

ಬಸು, ಗದಗ

ನಮಸ್ಕಾರ್ರಿ ಎಲ್ಲರಿಗೂ. ನಾನು ಎಸ್‌ಎಸ್‌ಸಿಗೆ ಓದುತ್ತಿದ್ದೇನೆ. ಅಲ್ಲಿ ಇದೇ ಪ್ರಶ್ನೆ ಇಂಗ್ಲಿಷಿನಲ್ಲಿ ಬರುತ್ತದೆ. ಅಲ್ಲಿ ‘ಹಿ’, ‘ಶಿ’, ‘ಇಟ್’ ಕಣ್ಣಿಗೆ ಹೊಡೆಯುವ ಹಾಗೆ ಕೂತಿರುತ್ತವೆ. ಕನ್ನಡದಲ್ಲಿ ಎಷ್ಟೋ ಸಲ ಸರ್ವನಾಮವೇ ಇರುವುದಿಲ್ಲ ನೋಡ್ರಿ. ‘ಬಂದ, ಊಟ ಮಾಡಿದ, ಹೋದ’ ಅಂದರೆ ಮುಗಿಯಿತು. ಆಗ ಮೇಷ್ಟ್ರು ಬಾಣ ಎಲ್ಲಿಂದ ಹಾಕುತ್ತಾರೆ?

ನಾಗವೇಣಿ

ಬಸು ಅವರೇ, ಕ್ರಿಯಾಪದದ ಬಾಲದಿಂದ ಹಾಕಬೇಕು. ಒಂದು ಚಿಕ್ಕದು ಬರೆದುಕೊಡುತ್ತೇನೆ.

ಯ. ಸಂಜೆ ಡೇರಿಗೆ ಹೋಗಿ ಹಾಲು ಹಾಕಿ ಬರುತ್ತಿದ್ದ.

ರ. ಗೌರಿಯ ಮನೆಯಲ್ಲಿ ಎರಡು ಹಸುಗಳಿದ್ದವು.

ಲ. ಬೆಳಗ್ಗೆ ಬೇಗ ಎದ್ದು ಕೊಟ್ಟಿಗೆ ಗುಡಿಸಿ ಹಾಲು ಕರೆಯುತ್ತಿದ್ದಳು.

ವ. ಅವಳ ತಮ್ಮ ಮಂಜನಿಗೂ ಓದಿನ ಜೊತೆಗೆ ಒಂದು ಕೆಲಸವಿತ್ತು.

ಯ ಮತ್ತು ಲ ಎರಡರಲ್ಲೂ ಸರ್ವನಾಮ ಇಲ್ಲ. ಬೆಳಗ್ಗೆ ಆದಮೇಲೆ ಸಂಜೆ ಅಂತ ಲ-ಯ ಪಕ್ಕಪಕ್ಕ ಇಡಲು ಕೈ ಹೋಗುತ್ತದೆ. ಆದರೆ ‘ಕರೆಯುತ್ತಿದ್ದಳು’ ಅಂದರೆ ಗೌರಿ, ‘ಬರುತ್ತಿದ್ದ’ ಅಂದರೆ ಮಂಜ. ಮಂಜನ ಹೆಸರು ಬರುವ ಮೊದಲು ಯ ಬರಲಾರದು. ‘ಮಂಜನಿಗೂ’ ಅನ್ನುವ ಊಕಾರ ಇದೆಯಲ್ಲ, ಗೌರಿಯ ಕೆಲಸ ಏನು ಅಂತ ಆಗಲೇ ಹೇಳಿರಬೇಕು ಅನ್ನುತ್ತದೆ ಅದು. ರ ಲ ವ ಯ. ಕರ್ತೃ ಕಾಣದ ವಾಕ್ಯ ಸಾಮಾನ್ಯವಾಗಿ ತನ್ನ ಕರ್ತೃವಿನ ಬೆನ್ನಿಗೇ ಅಂಟಿಕೊಂಡಿರುತ್ತದೆ, ದೂರ ಹೋಗುವುದಿಲ್ಲ. ಆ ಲೆಕ್ಕದಲ್ಲಿ, ಸರ್ವನಾಮ ಇರುವ ವಾಕ್ಯಕ್ಕಿಂತ ಇಲ್ಲದ ವಾಕ್ಯವೇ ಜಾಸ್ತಿ ಗಟ್ಟಿ ಸುಳಿವು.

ಹಾಗಂತ ಎಲ್ಲಾ ಕಡೆ ಇದು ನಡೆಯುವುದಿಲ್ಲ. ‘ಬಂದರು, ಹೋದರು’ ಅಂತ ಇದ್ದರೆ ಒಬ್ಬರಿಗೆ ಮರ್ಯಾದೆಯೋ ಹಲವರೋ ಗೊತ್ತಾಗುವುದಿಲ್ಲ. ಗಂಡೋ ಹೆಣ್ಣೋ ಅದೂ ಗೊತ್ತಾಗುವುದಿಲ್ಲ. ಪರೀಕ್ಷೆಗೆ ಬರೆಯುವವರು ಗಣ್ಯರ ಬಗ್ಗೆಯೇ ಜಾಸ್ತಿ ಬರೆಯುವುದರಿಂದ ಈ ಬಾಲ ಅಲ್ಲಿ ಕೈಕೊಡುತ್ತದೆ.

ಸವಿತಾ, ಹಾಸನ

ಅಕ್ಕ, ಗೌರಿಯ ಉದಾಹರಣೆಯಿಂದ ಅರ್ಥವಾಯಿತು. ಇನ್ನೊಂದು ಕೇಳಲೇ? ಇದು ಕೋಚಿಂಗ್‌ನವರ ಅಣಕು ಪರೀಕ್ಷೆಯದು. ಕೀ ಉತ್ತರ ಯ ರ ಲ ವ ಅಂತ ಕೊಟ್ಟಿದ್ದಾರೆ. ಆಯ್ಕೆಗಳಲ್ಲಿ ಯ ಲ ರ ವ ಕೂಡ ಇತ್ತು.

ಯ. ರಾಗಿ ಕಡಿಮೆ ಮಳೆಯಲ್ಲೂ ಬೆಳೆಯುತ್ತದೆ.

ರ. ಅದರ ಕಾಳು ವರ್ಷಗಟ್ಟಲೆ ಹುಳು ಹಿಡಿಯದೆ ಉಳಿಯುತ್ತದೆ.

ಲ. ಅದರ ಹುಲ್ಲು ದನಗಳಿಗೆ ಒಳ್ಳೆಯ ಮೇವು.

ವ. ಹಾಗಾಗಿ ಒಣಭೂಮಿಯ ರೈತರಿಗೆ ಇದು ನೆಚ್ಚಿನ ಬೆಳೆ.

ರವಿಕಿರಣ್

ಮೊದಲು ಕಾಳು, ಆಮೇಲೆ ಹುಲ್ಲು. ಬೆಳೆ ಅಂದರೆ ಮುಖ್ಯ ಕಾಳು ತಾನೇ? ಮುಖ್ಯವಾದದ್ದು ಮೊದಲು ಬರುತ್ತದೆ. ಕೀ ಸರಿ ಇದೆ.

ನಾಗವೇಣಿ

ರವಿ, ಹಾಗೆ ಹೇಳುವ ಪದ ಈ ನಾಲ್ಕು ವಾಕ್ಯದಲ್ಲಿ ಎಲ್ಲಿದೆ? ರ ಮತ್ತು ಲ ಎರಡೂ ‘ಅದರ’ ಅಂತಲೇ ಶುರುವಾಗುತ್ತವೆ, ಎರಡೂ ಬಾಣ ರಾಗಿಗೇ ಹೋಗುತ್ತವೆ. ಒಂದಕ್ಕೊಂದು ಸಂಬಂಧವೇ ಇಲ್ಲ. ಅದಲು ಬದಲು ಮಾಡಿದರೂ ಪ್ಯಾರಾ ಕೆಡುವುದಿಲ್ಲ. ಲ ವಾಕ್ಯದಲ್ಲಿ ‘ಹುಲ್ಲೂ’ ಅಂತ ಒಂದು ಊಕಾರ ಹಾಕಿದ್ದರೆ ಕಾಳು ಮೊದಲು ಅಂತ ಒಪ್ಪುತ್ತಿದ್ದೆ. ಇದು ಪ್ರಶ್ನೆ ಮಾಡಿದವರ ಕೊರತೆ.

ನಿಮ್ಮ ‘ಇ-ಅ’ ಸೂತ್ರವನ್ನೂ ಇಲ್ಲೇ ಪರೀಕ್ಷೆ ಮಾಡಬಹುದು. ‘ಅದರ ಕಾಳು’, ‘ಇದು ನೆಚ್ಚಿನ ಬೆಳೆ’. ಅದು, ಇದು ಎರಡೂ ರಾಗಿಯೇ. ಹತ್ತಿರದ ವಾಕ್ಯದಲ್ಲಿ ‘ಅದು’ ಇದೆ, ದೂರದ ವಾಕ್ಯದಲ್ಲಿ ‘ಇದು’ ಇದೆ. ನಿಮ್ಮ ಸೂತ್ರಕ್ಕೆ ತಲೆಕೆಳಗು. ನನ್ನ ಮೇಜಿಗೆ ಬರುವ ಬರಹಗಳಲ್ಲಿ ಕಾಣುವುದು ಇಷ್ಟು: ಹಿಂದಿನ ಇಡೀ ಮಾತನ್ನು ಎತ್ತಿಕೊಳ್ಳುವಾಗ ‘ಇದು, ಇದರಿಂದ, ಇದಕ್ಕೆ’ ಜಾಸ್ತಿ ಬರುತ್ತದೆ. ಒಂದು ವಸ್ತುವನ್ನೋ ವ್ಯಕ್ತಿಯನ್ನೋ ಎತ್ತಿಕೊಳ್ಳುವಾಗ ಎರಡೂ ಬರುತ್ತವೆ. ಅದನ್ನು ನಿಯಮ ಅನ್ನಲಾರೆ.

ಮೇಷ್ಟ್ರು, ತಿಪಟೂರು

ನಾಗವೇಣಿಯವರ ಮಾತಿಗೆ ನಾನು ಪೂರ್ತಿ ಒಪ್ಪುವುದಿಲ್ಲ. ವ ವಾಕ್ಯ ಕೊನೆಯಲ್ಲೇ ಬರಬೇಕು ಅಂತಲೂ ಭಾಷೆಯಲ್ಲಿ ಏನೂ ಕಟ್ಟಿಲ್ಲ ನೋಡಿ. ‘ಕಡಿಮೆ ಮಳೆಯಲ್ಲೂ ಬೆಳೆಯುತ್ತದೆ. ಹಾಗಾಗಿ ಒಣಭೂಮಿಯ ರೈತರಿಗೆ ನೆಚ್ಚಿನ ಬೆಳೆ.’ ಯ ಆದಮೇಲೆ ನೇರವಾಗಿ ವ ಬಂದರೆ ಇನ್ನೂ ಬಿಗಿಯಾಗಿದೆ, ಮಳೆಗೂ ಒಣಭೂಮಿಗೂ ನೇರ ಸಂಬಂಧ ಇದೆಯಲ್ಲ. ಆದರೂ ಓದುವವರು ‘ಹಾಗಾಗಿ’ಯನ್ನು ಎಲ್ಲಾ ಕಾರಣ ಆದಮೇಲೆ ಇಡುತ್ತಾರೆ. ಹಾಗೆ ಇಡುವುದು ಬರವಣಿಗೆಯ ರೂಢಿ. ಆ ರೂಢಿ ಒಪ್ಪುವುದಾದರೆ, ಕಾಳು ಮೊದಲು ಹುಲ್ಲು ಆಮೇಲೆ ಅನ್ನುವ ರೂಢಿಯನ್ನೂ ಸ್ವಲ್ಪ ಒಪ್ಪಬೇಕಾಗುತ್ತದೆ. ರೈತ ಹೇಳುವಾಗಲೂ ಹಾಗೇ ಹೇಳುತ್ತಾನೆ.

ನಾಗವೇಣಿ

ಮೇಷ್ಟ್ರೇ, ರೂಢಿ ಬೇರೆ, ಒಂದೇ ಉತ್ತರ ಇರುವ ಪ್ರಶ್ನೆ ಬೇರೆ. ನಾಲ್ಕು ಹಸು ಕಟ್ಟಿದವರು ಹುಲ್ಲನ್ನೇ ಮೊದಲು ಹೇಳಬಹುದು. ನಾನು ಕರಡು ತಿದ್ದುವಾಗ ಯಾವ ಕ್ರಮ ಬಂದರೂ ಮುಟ್ಟುವುದಿಲ್ಲ. ಅಂಕ ಕತ್ತರಿಸುವ ಜಾಗದಲ್ಲಿ ಎರಡೂ ಕ್ರಮವನ್ನು ಆಯ್ಕೆಯಾಗಿ ಕೊಡಬಾರದಿತ್ತು ಅನ್ನುವುದಷ್ಟೇ ನನ್ನ ಮಾತು.

ಬಸು, ಗದಗ

ನಮ್ಮ ಕಡೆ ಜೋಳದ ಬಗ್ಗೆ ಕೇಳಿದರೆ ಕಣಿಕಿ ಮೊದಲೋ ಕಾಳು ಮೊದಲೋ ಅಂತ ಮನೆಯಲ್ಲೇ ಜಗಳ ಆಗುತ್ತದೆ ನೋಡ್ರಿ. ಸವಿತಾ, ನಿಜವಾದ ಪರೀಕ್ಷೆಯಲ್ಲಿ ಹೀಗೆ ಬಂದರೆ ಕೀ ಉತ್ತರ ಬಿಟ್ಟ ಮೇಲೆ ಆಕ್ಷೇಪಣೆಗೆ ಅವಕಾಶ ಕೊಡುತ್ತಾರೆ. ‘ನನಗೆ ಹೀಗೆ ಅನ್ನಿಸಿತು’ ಅಂತ ಬರೆದರೆ ನಡೆಯುವುದಿಲ್ಲ. ರ ಮತ್ತು ಲ ಎರಡರ ಸರ್ವನಾಮವೂ ಯ ವಾಕ್ಯಕ್ಕೇ ಹೋಗುತ್ತದೆ, ಅವೆರಡರ ನಡುವೆ ಜೋಡಿಸುವ ಪದ ಇಲ್ಲ, ಅಂತ ಬಿಡಿಸಿ ಬರೆಯಬೇಕು.

ಸವಿತಾ, ಹಾಸನ

ಕೋಚಿಂಗ್‌ನವರಿಗೆ ಹಾಗೇ ಬರೆದು ಕೊಡುತ್ತೇನೆ, ಏನು ಹೇಳುತ್ತಾರೋ ನೋಡೋಣ. ಮೇಷ್ಟ್ರೇ, ‘ಆದರೆ’ ಬಗ್ಗೆ ಒಂದು ಉಳಿದಿದೆ. ‘ಮಳೆ ಚೆನ್ನಾಗಿ ಆದರೆ ಬಿತ್ತನೆ ಬೇಗ ಮುಗಿಯುತ್ತದೆ’ ಅನ್ನುವ ವಾಕ್ಯವನ್ನು ನಮ್ಮ ಗುಂಪಿನಲ್ಲಿ ಒಬ್ಬಳು ‘ಆದರೆ ಇದೆ, ಹಿಂದಿನದಕ್ಕೆ ವಿರುದ್ಧ ಅರ್ಥ’ ಅಂತ ಲೆಕ್ಕ ಹಾಕಿದಳು.

ಮೇಷ್ಟ್ರು, ತಿಪಟೂರು

ಅದು ‘ಆಗು’ ಕ್ರಿಯಾಪದದ ‘ಆದರೆ’. ಮಳೆ ಆದರೆ, ಮದುವೆ ಆದರೆ. ಹಿಂದಿನ ವಾಕ್ಯಕ್ಕೆ ಸಂಬಂಧವಿಲ್ಲ. ಅದನ್ನು ತೆಗೆದು ‘ಬಂದರೆ’ ಅಂತ ಇಟ್ಟು ನೋಡಲಿ, ವಾಕ್ಯ ನಿಂತರೆ ಅದು ಜೋಡಿಸುವ ಪದವಲ್ಲ. ಯ ವಾಕ್ಯದಲ್ಲಿ ‘ಬಂದರೆ ಅದು ಪೂರ್ತಿಯಾಗುವುದನ್ನು’ ಅಂತ ಇಟ್ಟರೆ ನಿಲ್ಲುವುದಿಲ್ಲ, ಅಲ್ಲವೇ? ಅಲ್ಲಿರುವುದು ನಿಜವಾಗಿ ಜೋಡಿಸುವ ‘ಆದರೆ’. ನಿಮ್ಮ ಗುಂಪಿನಲ್ಲಿ ಇಂಥವು ಇನ್ನೂ ಇದ್ದರೆ ಇಲ್ಲೇ ಹಾಕಮ್ಮ, ಭಾನುವಾರ ಬಿಡುವಾಗಿರುತ್ತೇನೆ.